ರೆಫರೆನ್ಸ್ ಥರ್ಮಾಮೀಟರ್‌ಗಾಗಿ ಒಂದು ಮನವಿ ಪತ್ರ

ಸೌರ ವಾಟರ್ ಹೀಟರ್‌ನ ಫಲಕವೊಂದು ಬಿಸಿಲಿನಿಂದ ನೀರಿಗೆ ಎಷ್ಟು ಶಾಖ ಕೊಡುತ್ತದೆ ಎಂಬುದು ಒಬ್ಬ ವಿದ್ಯಾರ್ಥಿನಿಯ ಪಿಎಚ್.ಡಿ. ಪ್ರಬಂಧದ ವಿಷಯ ಎಂದಿಟ್ಟುಕೊಳ್ಳಬಹುದು. ಫಲಕದೊಳಗೆ ಸೆಕೆಂಡಿಗೆ 0.02 ಕಿಲೋಗ್ರಾಂ ನೀರು ಹರಿಯುತ್ತದೆ. ಒಳಗೆ ಹೋಗುವ ನೀರಿಗಿಂತ ಹೊರಬರುವ ನೀರು 5 ಡಿಗ್ರಿ ಹೆಚ್ಚು ಬಿಸಿ. ಲೆಕ್ಕ ಹಾಕಿದರೆ ಸುಮಾರು 420 ವಾಟ್ ಶಾಖ. ಆಕೆಯ ಬಳಿ ಇರುವುದು ಟಿ ಮಾದರಿಯ ಸಾಮಾನ್ಯ ಥರ್ಮೋಕಪಲ್‌ಗಳು, ಅಂದರೆ ತಾಮ್ರ ಮತ್ತು ಕಾನ್‌ಸ್ಟಂಟನ್ ತಂತಿಗಳನ್ನು ತುದಿಯಲ್ಲಿ ಬೆಸೆದ ಸೆನ್ಸರ್‌ಗಳು. ಅಂಗಡಿಯಿಂದ ತಂದ ಹಾಗೆಯೇ ಬಳಸಿದರೆ ಇವು ಒಂದೊಂದೂ 1 ಡಿಗ್ರಿಯಷ್ಟು ಹೆಚ್ಚು ಅಥವಾ ಕಡಿಮೆ ತೋರಿಸಬಹುದು. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಪ್ಪಿದರೆ 5 ಡಿಗ್ರಿಯ ವ್ಯತ್ಯಾಸದಲ್ಲಿ 2 ಡಿಗ್ರಿ ಸುಳ್ಳು. ಆಗ ಶಾಖ 250 ವಾಟ್ ಇದ್ದೀತು, 590 ವಾಟ್ ಕೂಡ ಇದ್ದೀತು. ಪರೀಕ್ಷಕರ ಮುಂದೆ ಅಂಥ ಅಂಕಿ ನಿಲ್ಲುವುದಿಲ್ಲ. ಪಕ್ಕದ ವಿಭಾಗದಲ್ಲಿರುವ, ಕ್ಯಾಲಿಬ್ರೇಷನ್ ಆದ ಪ್ಲಾಟಿನಂ ಥರ್ಮಾಮೀಟರ್‌ಗಾಗಿ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಿಗೆ ಪತ್ರ ಬರೆಯಬೇಕಾಗಿ ಬರುವುದು ಈ ಕಾರಣಕ್ಕೆ.

ಮುಖ್ಯಸ್ಥರು ಆ ಉಪಕರಣವನ್ನು ಸುಲಭಕ್ಕೆ ಕೈಬಿಡುವುದಿಲ್ಲ. ಅದಕ್ಕೆ ಕಾರಣ ಥರ್ಮಾಮೀಟರ್‌ನ ಒಳಗೇ ಇದೆ. ಕೊಳವೆಯ ತುದಿಯಲ್ಲಿರುವ ತೆಳುವಾದ ಪ್ಲಾಟಿನಂ ತಂತಿ ಬಿಸಿಯಾದಂತೆ ಅದರ ವಿದ್ಯುತ್ ರೋಧ ಏರುತ್ತದೆ. ಪಿಟಿ-100 ಎಂದು ಕರೆಯುವ ಮಾದರಿಯಲ್ಲಿ ರೋಧ 0 ಡಿಗ್ರಿಯಲ್ಲಿ 100 ಓಮ್. ಅಲ್ಲಿಂದ ಮೇಲೆ ಡಿಗ್ರಿಗೆ ಸುಮಾರು 0.39 ಓಮ್ ಏರಿಕೆ. ಮೇಜಿನ ಅಂಚಿಗೆ ಬಡಿದರೂ ಸಾಕು, ತಂತಿಯಲ್ಲಿ ಬಿಗಿತ ಉಂಟಾಗಿ ರೋಧ ಒಂದಿಷ್ಟು ಸರಿಯಬಹುದು. ಹೊರಗೆ ಗೀರೂ ಕಾಣದು, ಇಂಡಿಕೇಟರ್ ಎಂದಿನಂತೆ ಅಂಕಿ ತೋರಿಸುತ್ತಲೇ ಇರುತ್ತದೆ. ಅದನ್ನು ನಂಬಿ ಮಾಡಿದ ಮುಂದಿನ ಕೆಲಸವೆಲ್ಲ ಕೆಡುತ್ತದೆ. ಮತ್ತೆ ಕ್ಯಾಲಿಬ್ರೇಷನ್‌ಗೆ ಕಳುಹಿಸಿದರೆ ಅದು ಹಿಂತಿರುಗುವವರೆಗೆ ಪ್ರಯೋಗಾಲಯದ ಉಳಿದವರ ಕೆಲಸ ನಿಲ್ಲುತ್ತದೆ. ಎನ್‌ಎಬಿಎಲ್ ಮಾನ್ಯತೆ ಪಡೆದ ಕಡೆಗಳಲ್ಲಿ ಇನ್ನಷ್ಟು ಬಿಗಿ: ರೆಫರೆನ್ಸ್ ಎಂದು ಇಟ್ಟುಕೊಂಡ ಉಪಕರಣವನ್ನು ಬೇರೆ ಉಪಕರಣಗಳ ಕ್ಯಾಲಿಬ್ರೇಷನ್‌ಗೆ ಮಾತ್ರ ಮೀಸಲಿಡುವುದು ಅಲ್ಲಿನ ರೂಢಿ.

ಆದ್ದರಿಂದ ಪತ್ರದಲ್ಲಿ ಏನನ್ನು ಕೇಳಬೇಕು ಎಂಬುದೇ ಮೊದಲ ಪ್ರಶ್ನೆ. "ನನ್ನ ಪ್ರಯೋಗ ಮುಗಿಯುವವರೆಗೆ ಥರ್ಮಾಮೀಟರ್ ಎರವಲು ಕೊಡಿ" ಎಂಬ ಪತ್ರ ಬಹುಪಾಲು ಹಿಂದಕ್ಕೆ ಬರುತ್ತದೆ, ಮತ್ತು ಹಾಗೆ ಬರುವುದು ನ್ಯಾಯವೇ. ಮೂರು ತಿಂಗಳು ತಾರಸಿಯ ಬಿಸಿಲಿನಲ್ಲಿ, ನೀರಿನ ಪೈಪಿನಲ್ಲಿ ಇರಬೇಕಾದ ವಸ್ತು ಅದಲ್ಲ. ವಿದ್ಯಾರ್ಥಿನಿಗೆ ನಿಜವಾಗಿ ಬೇಕಾಗಿರುವುದು ತನ್ನ ಥರ್ಮೋಕಪಲ್‌ಗಳು ಎಲ್ಲೆಲ್ಲಿ ಎಷ್ಟೆಷ್ಟು ತಪ್ಪು ತೋರಿಸುತ್ತವೆ ಎಂಬ ಪಟ್ಟಿ. ಅವನ್ನೇ ಆ ಪ್ರಯೋಗಾಲಯಕ್ಕೆ ಒಯ್ದು, ಒಂದೇ ನೀರಿನ ತೊಟ್ಟಿಯಲ್ಲಿ ರೆಫರೆನ್ಸ್ ಥರ್ಮಾಮೀಟರ್ ಜೊತೆ ಮುಳುಗಿಸಿ ಹೋಲಿಸಿದರೆ ಎರಡು ದಿನದಲ್ಲಿ ಆ ಪಟ್ಟಿ ಸಿಗುತ್ತದೆ. ಥರ್ಮಾಮೀಟರ್ ಕೋಣೆ ಬಿಟ್ಟು ಹೊರಡುವುದೇ ಇಲ್ಲ.

ಇಂಥ ಪತ್ರ ಸಂಶೋಧನಾ ಮಾರ್ಗದರ್ಶಕರ ಹಾಗೂ ವಿಭಾಗದ ಮುಖ್ಯಸ್ಥರ ಮುಖಾಂತರ ಹೋಗುತ್ತದೆ. ಇಬ್ಬರ ಸಹಿಯೂ ಇರಬೇಕು. ಉಪಕರಣಕ್ಕೆ ಏನಾದರೂ ಆದರೆ ಹೊಣೆ ಹೊರುವವರು ಯಾರು ಎಂಬುದನ್ನು ಆ ಸಹಿಗಳೇ ಹೇಳುತ್ತವೆ. ವಿಷಯ ಒಂದು ಸಾಲಿನಲ್ಲಿ ಸಾಕು: "ಹತ್ತು ಥರ್ಮೋಕಪಲ್‌ಗಳನ್ನು ತಮ್ಮ ಪ್ಲಾಟಿನಂ ಥರ್ಮಾಮೀಟರ್‌ನೊಂದಿಗೆ ಹೋಲಿಸಲು ಎರಡು ದಿನಗಳ ಅವಕಾಶ ಕೋರಿ." ಅದರ ಕೆಳಗಿನ ಒಡಲು ಹೀಗಿರಬಹುದು:

"ಮಾನ್ಯರೇ, ಸೌರ ಫಲಕದಲ್ಲಿ ಹರಿಯುವ ನೀರಿನ ಉಷ್ಣತೆಯ ಏರಿಕೆಯನ್ನು ಅಳೆಯುವುದು ನನ್ನ ಪ್ರಬಂಧದ ಭಾಗ. ಈ ಏರಿಕೆ ಸುಮಾರು 5 ಡಿಗ್ರಿ ಮಾತ್ರ ಇರುವುದರಿಂದ ಪ್ರತಿ ಸೆನ್ಸರಿನ ತಪ್ಪು 0.1 ಡಿಗ್ರಿಯ ಆಸುಪಾಸಿಗೆ ಇಳಿಯಬೇಕಾಗಿದೆ. 20ರಿಂದ 80 ಡಿಗ್ರಿಯವರೆಗೆ, 10 ಡಿಗ್ರಿಗೊಂದರಂತೆ ಏಳು ಹಂತಗಳಲ್ಲಿ ಹೋಲಿಕೆ ಮಾಡಬೇಕೆಂದಿದ್ದೇನೆ. ಥರ್ಮೋಕಪಲ್‌ಗಳನ್ನೂ ಡೇಟಾ ಲಾಗರ್ ಅನ್ನೂ ನಾನೇ ತರುತ್ತೇನೆ. ತಮ್ಮ ಥರ್ಮಾಮೀಟರ್, ಅದರ ಇಂಡಿಕೇಟರ್ ಮತ್ತು ಕಲಕುವ ವ್ಯವಸ್ಥೆಯಿರುವ ನೀರಿನ ತೊಟ್ಟಿ ಬೇಕಾಗುತ್ತವೆ. ಥರ್ಮಾಮೀಟರನ್ನು ತಮ್ಮ ತಂತ್ರಜ್ಞರೇ ಇಟ್ಟು ತೆಗೆಯಲಿ ಎಂದು ಕೋರುತ್ತೇನೆ. ಕೆಲಸದ ಮೊದಲು ಮತ್ತು ನಂತರ ಅದನ್ನು ಮಂಜಿನಲ್ಲಿಟ್ಟು ಪರೀಕ್ಷಿಸಿ, ಎರಡೂ ರೀಡಿಂಗ್‌ಗಳನ್ನು ತಮ್ಮ ದಾಖಲೆ ಪುಸ್ತಕದಲ್ಲಿ ಬರೆಯಲು ಒಪ್ಪಿಗೆಯಿದೆ."

ಈ ಸಾಲುಗಳಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕು. ಒಂದು, ಇಂಡಿಕೇಟರ್ ಮತ್ತು ಲಾಗರ್‌ನ ಪ್ರಸ್ತಾಪ. ಎಷ್ಟೋ ಥರ್ಮಾಮೀಟರ್‌ಗಳನ್ನು ಇಂಡಿಕೇಟರ್ ಜೊತೆ ಜೋಡಿಯಾಗಿಯೇ ಕ್ಯಾಲಿಬ್ರೇಷನ್ ಮಾಡಿರುತ್ತಾರೆ. ಕೊಳವೆಯನ್ನಷ್ಟೇ ತಂದು ಬೇರೆ ಮೀಟರ್‌ಗೆ ಸಿಕ್ಕಿಸಿದರೆ ಪ್ರಮಾಣಪತ್ರದ ಅಂಕಿಗಳು ಅದಕ್ಕೆ ಅನ್ವಯಿಸುವುದಿಲ್ಲ. ಥರ್ಮೋಕಪಲ್‌ಗಳಿಗೂ ಇದೇ ನಿಯಮ. ಲಾಗರ್‌ನ ಮೂರನೆಯ ಚಾನೆಲ್‌ಗೆ ಜೋಡಿಸಿ ಹೋಲಿಸಿದ ಸೆನ್ಸರನ್ನು ಮುಂದೆ ತಾರಸಿಯಲ್ಲೂ ಅದೇ ಚಾನೆಲ್‌ಗೇ ಜೋಡಿಸಬೇಕು, ಏಕೆಂದರೆ ತಿದ್ದುಪಡಿಯ ಅಂಕಿಯಲ್ಲಿ ತಂತಿಯ ತಪ್ಪೂ ಚಾನೆಲ್‌ನ ತಪ್ಪೂ ಕೂಡಿರುತ್ತವೆ.

ಎರಡನೆಯದು ಮಂಜಿನ ಪರೀಕ್ಷೆ. ಡಿಸ್ಟಿಲ್ಡ್ ನೀರಿನ ಮಂಜುಗಡ್ಡೆಯನ್ನು ಸಣ್ಣದಾಗಿ ಪುಡಿಮಾಡಿ, ಥರ್ಮಾಸ್ ಫ್ಲಾಸ್ಕಿಗೆ ತುಂಬಿ, ಸಂದುಗಳು ತುಂಬುವಷ್ಟು ಅದೇ ನೀರು ಹಾಕಿದರೆ 0 ಡಿಗ್ರಿ ಸಿದ್ಧ. ಥರ್ಮಾಮೀಟರನ್ನು ಅದರಲ್ಲಿ ಆಳವಾಗಿ ಇಳಿಸಿ, ಅಂಕಿ ಅಲುಗಾಡದೆ ನಿಂತ ಮೇಲೆ ಬರೆದುಕೊಳ್ಳುತ್ತಾರೆ. ಕೆಲಸಕ್ಕೆ ಮುಂಚಿನ ಮತ್ತು ನಂತರದ ರೋಧಗಳ ನಡುವೆ 0.004 ಓಮ್ ಅಂತರ ಬಂದರೆ ಉಷ್ಣತೆಯಲ್ಲಿ 0.01 ಡಿಗ್ರಿ ಸರಿದಂತೆ. ಈ ಕೆಲಸಕ್ಕೆ ಅದು ಚಿಂತಿಸುವ ವಿಷಯವಲ್ಲ. 0.04 ಓಮ್ ಬಂದರೆ 0.1 ಡಿಗ್ರಿ ಹೋಯಿತು, ನಡುವೆ ಏನೋ ಆಗಿದೆ ಎಂದೇ ಅರ್ಥ. ಮುಖ್ಯಸ್ಥರ ಆತಂಕಕ್ಕೆ ಇದಕ್ಕಿಂತ ನೇರವಾದ ಉತ್ತರ ಪತ್ರದಲ್ಲಿ ಇರಲಾರದು: ಉಪಕರಣ ಕೆಟ್ಟಿದ್ದರೆ ಅಂದೇ ಗೊತ್ತಾಗುತ್ತದೆ, ಕೆಟ್ಟಿಲ್ಲದಿದ್ದರೆ ಅದಕ್ಕೂ ಬರವಣಿಗೆಯ ಸಾಕ್ಷಿ ಇರುತ್ತದೆ.

ಅನುಮತಿ ಸಿಕ್ಕ ಮೇಲೆ ತೊಟ್ಟಿಯ ಬಳಿ ಎಡವುವುದು ಹೆಚ್ಚಾಗಿ ಮುಳುಗಿಸುವ ಆಳದಲ್ಲಿ. ಥರ್ಮಾಮೀಟರ್ ಸಾಕಷ್ಟು ಆಳಕ್ಕೆ ಇಳಿಯದಿದ್ದರೆ ಲೋಹದ ಕೊಳವೆಯ ಗುಂಟ ಶಾಖ ಮೇಲಕ್ಕೆ ಹರಿದು ಹೋಗಿ, ತುದಿ ನೀರಿಗಿಂತ ತಣ್ಣಗೇ ಉಳಿಯುತ್ತದೆ. ಪತ್ತೆಹಚ್ಚುವ ಉಪಾಯ ಸರಳ. ಅಂಕಿ ಸ್ಥಿರವಾದ ಮೇಲೆ ಕೊಳವೆಯನ್ನು ಎರಡು ಸೆಂಟಿಮೀಟರ್ ಮೇಲೆತ್ತಿ ಕಾಯಬೇಕು. ಅಂಕಿ ಬದಲಾದರೆ ಆಳ ಸಾಲದು. ತೊಟ್ಟಿಯ ಮೂಲೆ ಮೂಲೆಗೂ ಉಷ್ಣತೆ ತುಸು ಬೇರೆ ಇರುವುದರಿಂದ ಥರ್ಮೋಕಪಲ್‌ಗಳ ತುದಿಗಳನ್ನು ಪ್ಲಾಟಿನಂ ಇರುವ ಭಾಗದ ಸುತ್ತಲೇ ಸಡಿಲವಾಗಿ ಕಟ್ಟುತ್ತಾರೆ. ಪ್ರತಿ ಹಂತದಲ್ಲೂ ಸುಮಾರು ಅರ್ಧ ಗಂಟೆ ಕಾಯಬೇಕಾಗಬಹುದು. ಏರುತ್ತಾ ಒಮ್ಮೆ, ಇಳಿಯುತ್ತಾ ಒಮ್ಮೆ ಅಳೆದರೆ ಎರಡು ದಿನ ಹಿಡಿಯುವುದು ಹೀಗೆ. ಪತ್ರದಲ್ಲಿ ಕೇಳಿದ ಕಾಲಾವಕಾಶ ಈ ಲೆಕ್ಕದಿಂದಲೇ ಬಂದದ್ದು.

ಪತ್ರದ ಕೊನೆಯಲ್ಲಿ ಇನ್ನೊಂದು ಕೋರಿಕೆ ಸೇರಬೇಕು, ಅದನ್ನು ಮರೆಯುವವರೇ ಹೆಚ್ಚು: ಥರ್ಮಾಮೀಟರ್‌ನ ಕ್ಯಾಲಿಬ್ರೇಷನ್ ಪ್ರಮಾಣಪತ್ರದ ಒಂದು ಪ್ರತಿ. ಅದರಲ್ಲಿ ಕ್ಯಾಲಿಬ್ರೇಷನ್ ಆದ ದಿನಾಂಕ, ಪ್ರತಿ ಉಷ್ಣತೆಯಲ್ಲೂ ಕೂಡಬೇಕಾದ ಅಥವಾ ಕಳೆಯಬೇಕಾದ ತಿದ್ದುಪಡಿ ಮತ್ತು ಆ ಅಂಕಿಗಳ ಅನಿಶ್ಚಿತತೆ ಇರುತ್ತವೆ. ಈ ಅಳತೆ ಯಾವ ಮೂಲದಿಂದ ಇಳಿದು ಬಂತು ಎಂಬುದೂ ಅದರಲ್ಲೇ ಇರುತ್ತದೆ. ಭಾರತದಲ್ಲಿ ಆ ಸರಪಳಿಯ ಮೇಲ್ತುದಿ ಸಾಮಾನ್ಯವಾಗಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಆ ಪ್ರತಿ ಪ್ರಬಂಧದ ಅನುಬಂಧಕ್ಕೆ ಹೋಗುತ್ತದೆ. ಅದರ ಆಧಾರದ ಮೇಲೆ ಸೆನ್ಸರ್‌ಗಳ ತಪ್ಪು 0.1 ಡಿಗ್ರಿಗೆ ಇಳಿದರೆ, ಎರಡು ಸೆನ್ಸರ್‌ಗಳೂ ಎದುರುಬದುರು ತಪ್ಪಿದರೂ 5 ಡಿಗ್ರಿಯಲ್ಲಿ 0.2 ಡಿಗ್ರಿ ಮಾತ್ರ ಅನುಮಾನ. 250ರಿಂದ 590 ವಾಟ್‌ವರೆಗೆ ಚಾಚಿದ್ದ ಉತ್ತರ ಆಗ ಸುಮಾರು 400ರಿಂದ 435 ವಾಟ್‌ಗಳ ನಡುವೆ ಬಂದು ನಿಲ್ಲುತ್ತದೆ.