ಗೋಪಿಚಂದ್: ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ

ಕೋಚ್ ಪುಲ್ಲೇಲ ಗೋಪಿಚಂದ್ ಒಮ್ಮೆ ಪಿ.ವಿ. ಸಿಂಧು ಅವರಿಗೆ ವಿಚಿತ್ರ ಷರತ್ತು ಹಾಕಿದ್ದರು. ಹೈದರಾಬಾದಿನ ಅಕಾಡೆಮಿಯ ಅಂಕಣದ ನಡುವೆ ನಿಂತು, ಉಳಿದ ಆಟಗಾರರೂ ಕೋಚ್‌ಗಳೂ ನೋಡುತ್ತಿರುವಾಗಲೇ, ಗಂಟಲು ಬಿಟ್ಟು ಕೂಗಬೇಕು. ಕೂಗುವ ತನಕ ರ‍್ಯಾಕೆಟ್ ಮುಟ್ಟುವಂತಿಲ್ಲ. ಸಂಕೋಚದ ಹುಡುಗಿ ಅತ್ತುಬಿಟ್ಟಳು. ಕೋಚ್ ಪಟ್ಟು ಸಡಿಲಿಸಲಿಲ್ಲ. ಕೊನೆಗೆ ಸಿಂಧು ಕೂಗಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಂದೊಂದು ಪಾಯಿಂಟ್ ಗೆದ್ದಾಗಲೂ ಮುಷ್ಟಿ ಬಿಗಿದು ಅಬ್ಬರಿಸಿದ ಸಿಂಧುವನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು.

ಕೇಳಿದವರಿಗೆ ಇದು ಬರೀ ಹಟ ಅನ್ನಿಸಬಹುದು. ಆದರೆ ಸಿಂಧು ಆಟವನ್ನು ಬಲ್ಲವರಿಗೆ ಕಾರಣ ಗೊತ್ತು. ಅವರ ಎತ್ತರ ಸುಮಾರು ಐದು ಅಡಿ ಹತ್ತು ಅಂಗುಲ. ಆ ಎತ್ತರದಿಂದ ಬೀಳುವ ಸ್ಮ್ಯಾಷ್ ಕಡಿದಾಗಿ ಇಳಿಯುತ್ತದೆ, ಎದುರಾಳಿ ಅದನ್ನು ಎತ್ತುವುದು ಕಷ್ಟ. ಆದರೆ ಸ್ಮ್ಯಾಷ್ ಹೊಡೆಯಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವ ಧೈರ್ಯವೂ ಬೇಕು. ಹಿಂಜರಿಯುವ ಆಟಗಾರ್ತಿ ಅದೇ ಶಟಲನ್ನು ಎತ್ತರಕ್ಕೆ ಹೊಡೆದು ಹಿಂದಿನ ಗೆರೆಗೆ ಕಳಿಸುತ್ತಾಳೆ. ಅದರಿಂದ ತಪ್ಪೇನೂ ಆಗುವುದಿಲ್ಲ, ಆದರೆ ದಾಳಿಯ ಅವಕಾಶ ಎದುರಾಳಿಯ ಪಾಲಾಗುತ್ತದೆ. ಸಿಂಧುಗೆ ಆಗ ಬೇಕಿದ್ದದ್ದು ಹೊಸ ಹೊಡೆತವಲ್ಲ, ಕೈಯಲ್ಲಿದ್ದ ಹೊಡೆತವನ್ನು ಬಳಸುವ ಮನಸ್ಸು. ರಿಯೊ ಸೆಮಿಫೈನಲ್‌ನಲ್ಲಿ ಜಪಾನಿನ ನೊಜೊಮಿ ಒಕುಹಾರ ಎದುರು ಎರಡನೇ ಗೇಮ್ 10–10ರಲ್ಲಿ ನಿಂತಿತ್ತು. ಅಲ್ಲಿಂದ ಸಿಂಧು ಸತತ 11 ಪಾಯಿಂಟ್ ಗೆದ್ದು ಗೇಮ್ ಮುಗಿಸಿದರು. ಫೈನಲ್‌ನಲ್ಲಿ ಸ್ಪೇನಿನ ಕರೊಲಿನಾ ಮರಿನ್‌ಗೆ ಸೋತು ಬೆಳ್ಳಿ ತಂದರು. ಅದಕ್ಕೂ ಮುಂಚೆ ಮೂರು ತಿಂಗಳು ಅವರ ಮೊಬೈಲ್ ಕೋಚ್ ಬಳಿ ಇತ್ತು, ಐಸ್‌ಕ್ರೀಮ್‌ಗೂ ನಿಷೇಧವಿತ್ತು.

ಶಿಷ್ಯರಲ್ಲಿ ಒಬ್ಬೊಬ್ಬರಿಗೆ ಏನು ಕಡಿಮೆ ಎಂದು ಗುರುತಿಸಿ, ಅದೊಂದನ್ನೇ ಹಿಡಿದು ತಿದ್ದುವುದು ಗೋಪಿಚಂದ್ ರೀತಿ. ಅದು ಎಲ್ಲಿಂದ ಬಂತೆಂದು ತಿಳಿಯಲು ಅವರ ಆಟದ ದಿನಗಳಿಗೆ ಹೋಗಬೇಕು.

ಗೋಪಿಚಂದ್ ಹುಟ್ಟಿದ್ದು 1973ರಲ್ಲಿ, ಆಂಧ್ರದ ಪ್ರಕಾಶಂ ಜಿಲ್ಲೆಯ ನಾಗಂಡ್ಲದಲ್ಲಿ. ಹೈದರಾಬಾದಿನಲ್ಲಿ ಎಸ್.ಎಂ. ಆರಿಫ್ ಬಳಿ ಆಟ ಕಲಿತರು. 1994ರಲ್ಲಿ ಡಬಲ್ಸ್ ಪಂದ್ಯ ಆಡುವಾಗ ಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿಯಿತು. ತೊಡೆಯ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಮಂಡಿಯೊಳಗೆ ಬಿಗಿದಿಡುವ ಪಟ್ಟಿಯದು. ಹಾರಿ ಒಂಟಿ ಕಾಲಲ್ಲಿ ಇಳಿಯುವಾಗ, ಓಡುತ್ತಿದ್ದವರು ಫಕ್ಕನೆ ತಿರುಗುವಾಗ ಮಂಡಿ ಜಾರದಂತೆ ತಡೆಯುವುದು ಅದೇ. ಬ್ಯಾಡ್ಮಿಂಟನ್ ಆಟಗಾರ ಒಂದು ಪಂದ್ಯದಲ್ಲಿ ಇದನ್ನು ನೂರಾರು ಬಾರಿ ಮಾಡುತ್ತಾನೆ. ಹಾಗಾಗಿ ಆ ಕಾಲದಲ್ಲಿ ಇಂಥ ಗಾಯವಾದರೆ ಆಟ ಮುಗಿಯಿತೆಂದೇ ಲೆಕ್ಕ. ಗೋಪಿಚಂದ್ ಒಂದಲ್ಲ, ಹಲವು ಶಸ್ತ್ರಚಿಕಿತ್ಸೆಗಳನ್ನು ಹಾದುಬಂದರು.

ಅವರು ಮತ್ತೆ ಎದ್ದು ನಿಂತ ಕಥೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅದೇ 1994ರಲ್ಲಿ ಪ್ರಕಾಶ್ ಪಡುಕೋಣೆ ಮತ್ತು ವಿಮಲ್ ಕುಮಾರ್ ಇಲ್ಲಿ ಅಕಾಡೆಮಿ ಆರಂಭಿಸಿದ್ದರು. ಗೋಪಿಚಂದ್ ಅಲ್ಲಿ ಸೇರಿದರು, ಮುಂದೆ ಬೆಂಗಳೂರಿನದೇ ಸಾಯ್ ಕೇಂದ್ರದಲ್ಲಿ ಗಂಗೂಲಿ ಪ್ರಸಾದ್ ಬಳಿ ಪಳಗಿದರು. 1996ರಿಂದ 2000ದವರೆಗೆ ಸತತ ಐದು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಕಂಚು ಗೆದ್ದರು.

2001ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ ಇಂಗ್ಲೆಂಡ್ ಟೂರ್ನಿ ನಡೆಯಿತು. ಆಗಿನ ನಿಯಮವೇ ಬೇರೆ. ಸರ್ವ್ ನಿಮ್ಮದಾಗಿದ್ದರೆ ಮಾತ್ರ ಪಾಯಿಂಟ್, ಗೇಮ್ 15ಕ್ಕೆ. ಎದುರಾಳಿಯ ಸರ್ವ್‌ನಲ್ಲಿ ನೀವು ಗೆದ್ದರೂ ಸಿಗುವುದು ಸರ್ವ್ ಮಾಡುವ ಹಕ್ಕು ಅಷ್ಟೇ. ಅಂಕಪಟ್ಟಿ ಅಲ್ಲಾಡದೆ ಆಟ ಎಳೆಯುತ್ತಲೇ ಇರುತ್ತಿತ್ತು. ಹಾಗಾಗಿ ಹೊಡೆತದ ಬಲದಷ್ಟೇ ದಮ್ಮು, ತಾಳ್ಮೆಗಳೂ ಗೆಲ್ಲಿಸುತ್ತಿದ್ದವು. ಗೋಪಿಚಂದ್ ಸಿಡ್ನಿ ಒಲಿಂಪಿಕ್ಸ್ ಚಾಂಪಿಯನ್ ಚೀನಾದ ಜಿ ಕ್ಸಿನ್‌ಪೆಂಗ್ ಅವರನ್ನು ಸೋಲಿಸಿದರು. ಸೆಮಿಫೈನಲ್‌ನಲ್ಲಿ ಎದುರಾದವರು ಆಗಿನ ನಂಬರ್ ಒನ್, ಡೆನ್ಮಾರ್ಕಿನ ಪೀಟರ್ ಗೇಡ್. ಎರಡೂ ಗೇಮ್ 14–14ಕ್ಕೆ ಬಂದು ನಿಂತು, 17ಕ್ಕೆ ಬೆಳೆದವು. 17–14, 17–15 ಗೋಪಿಚಂದ್ ಪಾಲಾದವು. ಆ ಸೆಮಿಫೈನಲ್ ಮುಂದೆ ಫೈನಲ್ ಸಪ್ಪೆ ಎನ್ನಬೇಕು. ಚೀನಾದ ಚೆನ್ ಹಾಂಗ್ 12–15, 6–15ರಿಂದ ಸೋತರು. 1980ರಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಮೇಲೆ ಆ ಪಟ್ಟ ಮತ್ತೆ ಭಾರತಕ್ಕೆ ಬಂದದ್ದು ಅಂದೇ. ಗೆದ್ದ ಬೆನ್ನಲ್ಲೇ ತಂಪು ಪಾನೀಯದ ಕಂಪನಿಯೊಂದು ಜಾಹೀರಾತಿಗೆ ಕರೆದರೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಗೋಪಿಚಂದ್ ಒಪ್ಪಲಿಲ್ಲ.

ಆಟ ಬಿಟ್ಟ ಮೇಲಿನ ಮೊದಲ ವರ್ಷಗಳು ಹಣ ಹೊಂದಿಸುವುದರಲ್ಲೇ ಕಳೆದವು. ಆಂಧ್ರ ಸರ್ಕಾರ 2003ರಲ್ಲಿ ಗಚ್ಚಿಬೌಲಿಯಲ್ಲಿ ಐದು ಎಕರೆ ಜಮೀನು ಕೊಟ್ಟಿತು. ಕಟ್ಟಡಕ್ಕೆ ದುಡ್ಡಿರಲಿಲ್ಲ. ಗೋಪಿಚಂದ್ ಸ್ವಂತ ಮನೆಯನ್ನೇ ಅಡವಿಟ್ಟರು. ಉದ್ಯಮಿ ನಿಮ್ಮಗಡ್ಡ ಪ್ರಸಾದ್ ಕೊಟ್ಟ ದೊಡ್ಡ ದೇಣಿಗೆಯಿಂದ ಕೆಲಸ ಮುಗಿದು, 2008ರಲ್ಲಿ ಅಕಾಡೆಮಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಅವರು ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಕೂಡ ಆಗಿದ್ದರು.

ಅಲ್ಲಿ ದಿನ ಶುರುವಾಗುವುದು ನಸುಕಿನಲ್ಲಿ, ನಾಲ್ಕೂವರೆಯ ಹೊತ್ತಿಗೆ. ಸಿಂಧು ಹುಡುಗಿಯಾಗಿದ್ದಾಗ ಮನೆಯಿಂದ ಹೋಗಿ ಬರುವುದಕ್ಕೇ ದಿನಕ್ಕೆ 56 ಕಿಲೋಮೀಟರ್ ಆಗುತ್ತಿತ್ತು. ಆ ಹೊತ್ತಿಗೆ ಕೋಚ್ ಅಂಕಣದಲ್ಲಿ ಇರುತ್ತಿದ್ದರು. ಬ್ಯಾಡ್ಮಿಂಟನ್ ತರಬೇತಿಯ ಬಹುಭಾಗ ಶಟಲ್ ಉಣಿಸುವ ಕೆಲಸ. ಕೋಚ್ ತೋಳಿನ ಮೇಲೆ ಶಟಲ್‌ಗಳ ಸಾಲು ಜೋಡಿಸಿಕೊಂಡು, ನೆಟ್‌ನ ಆಚೆಯಿಂದ ಒಂದರ ಹಿಂದೆ ಒಂದನ್ನು ಬೇರೆ ಬೇರೆ ಮೂಲೆಗೆ ಹೊಡೆಯುತ್ತ ಹೋಗುತ್ತಾನೆ. ಒಂದನ್ನು ಹಿಂದಿರುಗಿಸಿ ಆಟಗಾರ ನಡುವಿಗೆ ಮರಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಇಪ್ಪತ್ತು, ಮೂವತ್ತು ಶಟಲ್ ಆದಮೇಲೆ ಉಸಿರು ಸೋಲುತ್ತದೆ. ಕೋಚ್‌ನ ಕಣ್ಣಿಗೆ ನಿಜವಾದ ಕೆಲಸ ಆಗಲೇ. ಮೊದಲ ಹತ್ತು ಶಟಲ್‌ಗಳಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ಸುಸ್ತಾದಾಗ ಒಬ್ಬನ ರ‍್ಯಾಕೆಟ್ ಸೊಂಟದ ಕೆಳಗೆ ಇಳಿದಿರುತ್ತದೆ, ಇನ್ನೊಬ್ಬ ನಡುವಿಗೆ ಪೂರ್ತಿ ಮರಳದೆ ಅರ್ಧದಲ್ಲೇ ನಿಂತಿರುತ್ತಾನೆ. ಮತ್ತೊಬ್ಬಳ ಮೊದಲ ಹೆಜ್ಜೆ ತಡವಾಗುತ್ತದೆ, ಶಟಲ್ ಮೈಯ ಹಿಂದೆ ಸರಿದ ಮೇಲೆ ಹೊಡೆತ ಬರುತ್ತದೆ. ಪಂದ್ಯದ ಮೂರನೇ ಗೇಮ್‌ನಲ್ಲಿ ಅವರವರು ಸೋಲುವುದು ಅವರವರ ಇದೇ ತಪ್ಪಿನಿಂದ. ಇದನ್ನು ಕಾಣಬೇಕಾದರೆ ಕೋಚ್ ಎದುರಿಗೇ ನಿಂತು ಶಟಲ್ ಉಣಿಸಬೇಕು. ಗೋಪಿಚಂದ್ ವರ್ಷಾನುಗಟ್ಟಲೆ ಅದನ್ನು ಸಹಾಯಕರಿಗೆ ಬಿಡದೆ ತಾವೇ ಮಾಡಿದರು.

ಕಿಡಂಬಿ ಶ್ರೀಕಾಂತ್ ಅವರ ವಿಷಯದಲ್ಲಿ ತಿದ್ದಿದ್ದು ಇನ್ನೊಂದು ಬಗೆ. ಅಣ್ಣನ ಹಿಂದೆ ಅಕಾಡೆಮಿಗೆ ಬಂದ ಈ ಹುಡುಗ ಕಿರಿಯರ ಮಟ್ಟದಲ್ಲಿ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಆಡಿ ಪದಕ ಗೆಲ್ಲುತ್ತಿದ್ದ. ಡಬಲ್ಸ್‌ನಲ್ಲಿ ಅರ್ಧ ಅಂಕಣ ಜೊತೆಗಾರನದು. ಸಿಂಗಲ್ಸ್‌ಗೆ ಹೊರಳಿದರೆ ಇಡೀ ಅಂಕಣ ಒಬ್ಬನದೇ, ಓಟವೂ ಉಸಿರೂ ಮೊದಲಿನಿಂದ ಕಟ್ಟಬೇಕು. ಆದರೂ ಗೋಪಿಚಂದ್ ಅವನನ್ನು ಸಿಂಗಲ್ಸ್‌ಗೆ ತಿರುಗಿಸಿದರು. ಡಬಲ್ಸ್‌ನ ವೇಗದಲ್ಲಿ ಪಳಗಿದ ಆ ದಾಳಿ ಸಿಂಗಲ್ಸ್‌ನಲ್ಲಿ ಅಪರೂಪವಾಗಿತ್ತು. 2014ರ ಚೀನಾ ಓಪನ್ ಫೈನಲ್‌ನಲ್ಲಿ ಶ್ರೀಕಾಂತ್ ಎರಡು ಬಾರಿಯ ಒಲಿಂಪಿಕ್ಸ್ ಚಾಂಪಿಯನ್ ಲಿನ್ ಡಾನ್ ಅವರನ್ನು ಅವರ ನೆಲದಲ್ಲೇ 21–19, 21–17ರಿಂದ ಸೋಲಿಸಿದರು. 2017ರಲ್ಲಿ ಇಂಡೋನೇಷ್ಯಾ, ಆಸ್ಟ್ರೇಲಿಯಾ, ಡೆನ್ಮಾರ್ಕ್, ಫ್ರಾನ್ಸ್ ಹೀಗೆ ನಾಲ್ಕು ಸೂಪರ್ ಸರಣಿ ಗೆದ್ದರು. ಮರುವರ್ಷ ವಿಶ್ವದ ನಂಬರ್ ಒನ್ ಆದರು.

ಇವರಿಗಿಂತ ಮೊದಲು ಗೋಪಿಚಂದ್ ಹೆಸರನ್ನು ಕೋಚ್ ಆಗಿ ಬೆಳಗಿಸಿದವರು ಸೈನಾ ನೆಹ್ವಾಲ್. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ 18ರ ಸೈನಾ ಮೂರನೇ ಗೇಮ್‌ನಲ್ಲಿ 11–3ರ ಮುನ್ನಡೆ ಪಡೆದೂ ಸೋತರು. ನಾಲ್ಕು ವರ್ಷದ ನಂತರ ಲಂಡನ್‌ನಲ್ಲಿ ಕಂಚು ಗೆದ್ದು, ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಭಾರತಕ್ಕೆ ಮೊದಲ ಪದಕ ತಂದರು.

ಆದರೆ ಈ ಪದ್ಧತಿಯ ಮಿತಿ ಬಯಲಾದದ್ದೂ ಸೈನಾ ಮೂಲಕವೇ. 2014ರಲ್ಲಿ ಅವರು ಹೈದರಾಬಾದ್ ಬಿಟ್ಟು ಬೆಂಗಳೂರಿಗೆ, ವಿಮಲ್ ಕುಮಾರ್ ಬಳಿಗೆ ಬಂದರು. ಮರುವರ್ಷ ವಿಶ್ವದ ನಂಬರ್ ಒನ್ ಆದರು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. ಗೋಪಿಚಂದ್ ಅವರಿಗೆ ಈ ಅಗಲಿಕೆ ನೋವು ಕೊಟ್ಟಿತ್ತು, ಅವರು ಅದನ್ನು ಮುಚ್ಚಿಡಲಿಲ್ಲ. ಯಾರ ತಪ್ಪೆಂದು ತೂಗುವುದರಲ್ಲಿ ನನಗೆ ಆಸಕ್ತಿಯಿಲ್ಲ. ಒಬ್ಬೊಬ್ಬರನ್ನೂ ಹತ್ತಿರದಿಂದ ನೋಡಿ ತಿದ್ದುವುದೇ ಬಲವಾದರೆ, ನೋಡಬೇಕಾದವರು ಹೆಚ್ಚಿದಂತೆ ಅದೇ ಬಲ ತೆಳುವಾಗುತ್ತದೆ. ಸೈನಾ, ಸಿಂಧು, ಶ್ರೀಕಾಂತ್, ಕಶ್ಯಪ್, ಪ್ರಣಯ್, ಸಾಯಿ ಪ್ರಣೀತ್ ಎಲ್ಲರೂ ಒಂದೇ ಸೂರಿನಡಿ ಇದ್ದಾಗ, ಒಬ್ಬ ಮನುಷ್ಯನ ಗಮನ ಎಷ್ಟು ಪಾಲಾಗಬಲ್ಲದು? 2017ರಲ್ಲಿ ಸೈನಾ ಮತ್ತೆ ಗೋಪಿಚಂದ್ ಬಳಿಗೇ ಮರಳಿದರು. ವಿದೇಶಿ ಕೋಚ್‌ಗಳು ಬಂದು ಹೊರೆ ಹಂಚಿಕೊಂಡದ್ದರಿಂದ ಒಳಿತೇ ಆಯಿತು. ಡಬಲ್ಸ್‌ಗೆ ಬಂದ ಮಲೇಷ್ಯಾದ ಟ್ಯಾನ್ ಕಿಮ್ ಹರ್, ಸಾತ್ವಿಕ್ ಮತ್ತು ಚಿರಾಗ್ ಅವರನ್ನು ಜೋಡಿ ಮಾಡಿದರು. 2019ರ ಬಾಸೆಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಿಂಧು ಚಿನ್ನ ಗೆದ್ದದ್ದರ ಹಿಂದೆ ಕೊರಿಯಾದ ಕಿಮ್ ಜಿ ಹ್ಯುನ್ ಅವರ ದುಡಿಮೆಯೂ ಇತ್ತು. ಅದೇ ಕೂಟದಲ್ಲಿ ಸಾಯಿ ಪ್ರಣೀತ್ ಗೆದ್ದ ಕಂಚು, 1983ರಲ್ಲಿ ಪ್ರಕಾಶ್ ಪಡುಕೋಣೆ ತಂದ ಪದಕದ ನಂತರ ಪುರುಷರ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ವಿಶ್ವ ಪದಕ.

ಇಷ್ಟೆಲ್ಲ ಕಟ್ಟಿದ ಗೋಪಿಚಂದ್ 2025ರಲ್ಲಿ ಹೇಳಿದ ಒಂದು ಮಾತು ಹಲವರಿಗೆ ಕಹಿಯಾಯಿತು. ಮನೆಯಲ್ಲಿ ಹಣದ ಅನುಕೂಲ ಇಲ್ಲದಿದ್ದರೆ ಮಕ್ಕಳನ್ನು ವೃತ್ತಿಪರ ಕ್ರೀಡೆಗೆ ಹಾಕಬೇಡಿ ಎಂದು ಅವರು ತಂದೆತಾಯಂದಿರಿಗೆ ಸಲಹೆ ಕೊಟ್ಟರು. ತುದಿ ಮುಟ್ಟುವವರು ಬೆರಳೆಣಿಕೆಯಷ್ಟು, ಉಳಿದವರಿಗೆ ಓದೂ ಇಲ್ಲ, ಕೆಲಸವೂ ಇಲ್ಲ ಎಂಬುದು ಅವರ ಅಳಲು. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಿ ತರಬೇತಿಗೆ ಕರೆದೊಯ್ಯುವ ತಂದೆತಾಯಂದಿರು ಈ ಮಾತಿಗೆ ಬೇಸರಪಡುವ ಬದಲು, ಕ್ರೀಡೆಯ ಜೊತೆ ಓದನ್ನೂ ಉಳಿಸಿಕೊಡುವ ಅಕಾಡೆಮಿ ಯಾವುದೆಂದು ವಿಚಾರಿಸಿ, ಅಂಥದ್ದಕ್ಕೇ ಮಗುವನ್ನು ಸೇರಿಸಲಿ.