ಪಿಡಿಎಫ್ ಪುಟಕ್ಕೆ ಎಷ್ಟು ಪಿಕ್ಸೆಲ್ ಸಾಕು?

ಕನ್ನಡ ಸಂಘವೊಂದರ ರಾಜ್ಯೋತ್ಸವಕ್ಕೆ ಡಿಟಿಪಿ ಸೆಂಟರ್‌ನಿಂದ 12 ಪುಟಗಳ ಪಿಡಿಎಫ್ ಬಂದಿದೆ ಎಂದುಕೊಳ್ಳಿ. ಎ4 ಅಳತೆ, ಹಳದಿ ಹಿನ್ನೆಲೆ, ಕೆಂಪು ತಲೆಬರಹ, ಒಳಗೆ ಹತ್ತು ಪಾಯಿಂಟ್ ಅಕ್ಷರದಲ್ಲಿ ಅತಿಥಿಗಳ ಹೆಸರು, ಕಾರ್ಯಕ್ರಮಗಳ ವಿವರ. ಇದನ್ನು ಸಭಾಂಗಣದ ಪರದೆಯ ಮೇಲೆ ತೋರಿಸಬೇಕು, ಇನ್‌ಸ್ಟಾಗ್ರಾಮ್‌ಗೆ ಹಾಕಬೇಕು, ವಾಟ್ಸಾಪ್ ಗ್ರೂಪಿಗೂ ಕಳಿಸಬೇಕು. ಎಲ್ಲ ಕಡೆಗೂ ಪುಟಗಳು ಚಿತ್ರವಾಗಿ ಬೇಕು. ಹೆಚ್ಚಿನ ಕಡೆ ಯಾರಾದರೂ ಮೊಬೈಲಿನಲ್ಲಿ ಪಿಡಿಎಫ್ ತೆರೆದು ಪುಟಪುಟಕ್ಕೂ ಸ್ಕ್ರೀನ್‌ಶಾಟ್ ಹೊಡೆದು ಕೆಲಸ ಮುಗಿಸುತ್ತಾರೆ. ಚಿತ್ರದ ನೆತ್ತಿಯಲ್ಲಿ ಬ್ಯಾಟರಿ ಗುರುತು ಉಳಿದುಬಿಡುವುದು ಸಣ್ಣ ಸಂಗತಿ. ಫೋನಿನ ಪರದೆಯಲ್ಲಿ ಎಷ್ಟು ಚುಕ್ಕಿಗಳಿವೆಯೋ ಅಷ್ಟೇ ಚಿತ್ರಕ್ಕೂ ಸಿಗುತ್ತವೆ ಎಂಬುದೇ ನಿಜವಾದ ತೊಂದರೆ.

ಡಿಟಿಪಿಯಿಂದ ನೇರವಾಗಿ ಬಂದ ಪಿಡಿಎಫ್‌ನ ಅಕ್ಷರಗಳಿಗೆ ಪಿಕ್ಸೆಲ್ ಎಂಬುದೇ ಇಲ್ಲ. ಯಾವ ಗೆರೆ ಎಲ್ಲಿ ಬಳುಕಬೇಕು, ಯಾವ ಬಣ್ಣ ಎಲ್ಲಿ ತುಂಬಬೇಕು ಎಂಬ ಸೂಚನೆಗಳಷ್ಟೇ ಆ ಕಡತದಲ್ಲಿರುತ್ತವೆ. ಪುಟದ ಅಳತೆ ಪಾಯಿಂಟ್‌ಗಳಲ್ಲಿ ಇರುತ್ತದೆ, ಒಂದು ಇಂಚಿಗೆ 72 ಪಾಯಿಂಟ್. ಎ4 ಎಂದರೆ ಸುಮಾರು 595 ಅಗಲ, 842 ಎತ್ತರ. ಚಿತ್ರ ಮಾಡುವಾಗ ಇಂಚಿಗೆ ಎಷ್ಟು ಚುಕ್ಕಿ ಬೇಕು, ಅಂದರೆ ಡಿಪಿಐ ಎಷ್ಟು ಎಂದು ನಾವು ಹೇಳಬೇಕು. 72 ಎಂದರೆ 595 ಪಿಕ್ಸೆಲ್ ಅಗಲದ ಬಡಕಲು ಚಿತ್ರ ಬರುತ್ತದೆ. 150 ಎಂದರೆ ಅಗಲ 1240. 300 ಎಂದರೆ ಸುಮಾರು 2480 ಅಗಲ, 3508 ಎತ್ತರ.

ಇದಕ್ಕೆ ನಾನು ಬಳಸುವುದು ಪಾಪ್ಲರ್ ಎಂಬ ಉಚಿತ ತಂತ್ರಾಂಶದೊಳಗಿನ ಒಂದು ಪುಟ್ಟ ಸಾಧನ. ಉಬುಂಟು ಇದ್ದವರು `poppler-utils` ಎಂಬ ಹೆಸರಿನಲ್ಲಿ ಹಾಕಿಕೊಳ್ಳಬಹುದು. ವಿಂಡೋಸ್‌ಗೂ ಮ್ಯಾಕ್‌ಗೂ ಸಿಗುತ್ತದೆ. ಒಂದೇ ಸಾಲಿನಲ್ಲಿ ಹನ್ನೆರಡೂ ಪುಟ ಚಿತ್ರವಾಗುತ್ತವೆ:

```
pdftoppm -png -r 300 ahvana.pdf puta
```

`puta-01.png`, `puta-02.png` ಎಂದು ಕಡತಗಳು ಸಾಲಾಗಿ ಬರುತ್ತವೆ. ಮುಂದಿನ ಆ ಸೊನ್ನೆಗೆ ಬೆಲೆಯಿದೆ. ಅದಿಲ್ಲದಿದ್ದರೆ ಎಷ್ಟೋ ಕಡೆ ಒಂದನೇ ಪುಟದ ಬೆನ್ನಿಗೇ ಹತ್ತನೆಯದು ಬಂದು ಕೂತು ಸ್ಲೈಡುಗಳ ಕ್ರಮ ಕೆಡುತ್ತದೆ. ಕಮಾಂಡ್ ಬೇಡ ಎನ್ನುವವರು ಗಿಂಪ್‌ನಲ್ಲಿ ಪಿಡಿಎಫ್ ತೆರೆಯಬಹುದು. ತೆರೆಯುವಾಗಲೇ ಅದು ರೆಸಲ್ಯೂಷನ್ ಕೇಳುತ್ತದೆ.

ಹಾಗಾದರೆ 300 ಕೊಟ್ಟರೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕಲ್ಲ? ಪ್ರೊಜೆಕ್ಟರ್ ಮುಂದೆ ಈ ನಂಬಿಕೆ ಸೋಲುತ್ತದೆ. ಫುಲ್ ಎಚ್‌ಡಿ ಪ್ರೊಜೆಕ್ಟರ್‌ನ ಎತ್ತರ 1080 ಪಿಕ್ಸೆಲ್. ಉದ್ದುದ್ದನೆಯ ಎ4 ಪುಟವನ್ನು ಅಡ್ಡಗಲದ ಸ್ಲೈಡಿನಲ್ಲಿ ಪೂರ್ತಿ ನಿಲ್ಲಿಸಿದರೆ 11.69 ಇಂಚು ಎತ್ತರದ ಪುಟ 1080 ಪಿಕ್ಸೆಲ್‌ನೊಳಗೆ ಹಿಡಿಸಬೇಕು. ಅಂದರೆ ಇಂಚಿಗೆ 92 ಚುಕ್ಕಿ. ಕಡತದಲ್ಲಿ 300 ಇರಲಿ, 600 ಇರಲಿ, ಪರದೆಯ ಮೇಲೆ ಬೀಳುವುದು ಆ 92 ಮಾತ್ರ. ಹತ್ತು ಪಾಯಿಂಟ್ ಅಕ್ಷರದ ಇಡೀ ಸಾಲಿಗೆ ಆಗ ಸಿಗುವ ಎತ್ತರ ಸುಮಾರು 13 ಪಿಕ್ಸೆಲ್. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ನಮ್ಮ ‘ರಾಷ್ಟ್ರೀಯ’ ಪದವನ್ನು ನೋಡಿ: ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತುಗಳು. ಇವೆಲ್ಲ 13 ಚುಕ್ಕಿಗಳೊಳಗೆ ಸೇರಬೇಕಾದಾಗ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಕಲೆಯಾಗುತ್ತವೆ.

ಇದಕ್ಕೆ ಮದ್ದು ಡಿಪಿಐ ಏರಿಸುವುದಲ್ಲ, ಪುಟವನ್ನು ಅರ್ಧ ಮಾಡುವುದು. ಮೇಲರ್ಧ ಒಂದು ಸ್ಲೈಡು, ಕೆಳಗಿನರ್ಧ ಇನ್ನೊಂದು. ಅದೇ ಸಾಧನ ಕತ್ತರಿಸಿಯೂ ಕೊಡುತ್ತದೆ:

```
pdftoppm -png -r 300 -x 0 -y 0 -W 2480 -H 1754 ahvana.pdf mele
pdftoppm -png -r 300 -x 0 -y 1754 -W 2480 -H 1754 ahvana.pdf kelage
```

ಈಗ ಅದೇ ಅಕ್ಷರಕ್ಕೆ ಪರದೆಯ ಮೇಲೆ ಸುಮಾರು 26 ಪಿಕ್ಸೆಲ್ ಸಿಗುತ್ತದೆ, ಮೊದಲಿನ ಎರಡರಷ್ಟು. ನಡುವಿನ ಸಾಲೊಂದು ಸೀಳಿಹೋದರೆ ಎರಡನೆಯ ಸಾಲಿನ `-y` ಬೆಲೆಯನ್ನು 1654ಕ್ಕೆ ಇಳಿಸಿ, `-H` ಬೆಲೆಯನ್ನು 1854ಕ್ಕೆ ಏರಿಸಿ. ಎರಡು ಚಿತ್ರಗಳಲ್ಲೂ ಸ್ವಲ್ಪ ಭಾಗ ಮತ್ತೆ ಬರುತ್ತದೆ, ಅದರಿಂದ ನಷ್ಟವೇನಿಲ್ಲ. ಪವರ್‌ಪಾಯಿಂಟ್‌ನ ಫೋಟೋ ಆಲ್ಬಮ್ ಸೌಲಭ್ಯದಿಂದ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಸ್ಲೈಡಿಗೊಂದರಂತೆ ಕೂರಿಸಬಹುದು. ಸೇವ್ ಮಾಡುವಾಗ ಪವರ್‌ಪಾಯಿಂಟ್ ತಾನಾಗಿ ಚಿತ್ರಗಳನ್ನು ಕುಗ್ಗಿಸುವುದುಂಟು. ಸೆಟ್ಟಿಂಗ್‌ಗಳ `Advanced` ಭಾಗದಲ್ಲಿ `Do not compress images in file` ಎಂಬುದಕ್ಕೆ ಗುರುತು ಹಾಕಿದರೆ ಆ ಕಾಟ ತಪ್ಪುತ್ತದೆ.

ಪಿಎನ್‌ಜಿಯೇ ಏಕೆ, ಜೆಪೆಗ್ ಏಕಿಲ್ಲ ಎಂಬುದಕ್ಕೆ ನಮ್ಮ ಹಳದಿ-ಕೆಂಪು ಪುಟವೇ ಉತ್ತರ ಕೊಡುತ್ತದೆ. ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಈ ಲೆಕ್ಕದ ಮೇಲೆ ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸಿ ಜಾಗ ಉಳಿಸುತ್ತದೆ. ಮನುಷ್ಯರ ಮುಖಕ್ಕೆ, ಮರಗಿಡಕ್ಕೆ ಇದು ಗೊತ್ತೇ ಆಗುವುದಿಲ್ಲ. ಹಳದಿಯ ಮೇಲಿನ ಕೆಂಪು ಅಕ್ಷರದ ಅಂಚಿನಲ್ಲಿ ಮಾತ್ರ ಕಿತ್ತಳೆ ಬಣ್ಣದ ಮಸುಕು ಹರಡುತ್ತದೆ, ಸುತ್ತ ಧೂಳು ಎದ್ದಂತೆ ಕಾಣುತ್ತದೆ. ಪಿಎನ್‌ಜಿ ಏನನ್ನೂ ಕಳೆಯದೆ ಹಾಗೇ ಇಡುತ್ತದೆ. ಪುಟದ ತುಂಬ ಫೋಟೋಗಳೇ ಇದ್ದರೆ ಪಿಎನ್‌ಜಿ ಕಡತ ಊದಿಕೊಳ್ಳುತ್ತದೆ, ಅಲ್ಲಿ ಜೆಪೆಗ್ ಸರಿ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಚಿತ್ರ ಮಸುಕಾಗಿಯೇ ಬರುತ್ತದೆ. ಆಗ ಪಿಡಿಎಫನ್ನೇ ಅನುಮಾನಿಸಬೇಕು. ಅದನ್ನು ತೆರೆದು ಎಂಟುನೂರು ಪರ್ಸೆಂಟ್ ಹಿಗ್ಗಿಸಿ ನೋಡಿ. ಅಕ್ಷರದ ಅಂಚು ನುಣುಪಾಗಿಯೇ ಉಳಿದರೆ ಅದು ಅಸಲಿ ಅಕ್ಷರ. ಚೌಕಚೌಕವಾಗಿ ಒಡೆದರೆ ಅದು ಸ್ಕ್ಯಾನ್, ಅಂದರೆ ಮೊದಲೇ ಚಿತ್ರ. `pdfimages -list ahvana.pdf` ಎಂದು ಕೇಳಿದರೆ ಒಳಗಿನ ಚಿತ್ರ ಯಾವ ಸಾಂದ್ರತೆಯದು ಎಂದು `x-ppi` ಕಾಲಂ ಹೇಳುತ್ತದೆ. ಅಲ್ಲಿ 100 ಎಂದಿದ್ದರೆ ನೀವು 300ಕ್ಕೆ ಮಾಡಿಸಿದ್ದು ಬರಿಯ ತೂಕ, ವಿವರ ಏನೂ ಹೆಚ್ಚುವುದಿಲ್ಲ. ಮತ್ತೆ ಸ್ಕ್ಯಾನ್ ಮಾಡಿಸಬೇಕು, ಇಲ್ಲವೇ ಮೂಲ ಕಡತ ಕೇಳಿ ಪಡೆಯಬೇಕು.

ಇನ್ನೊಂದು ತೊಂದರೆ ಕನ್ನಡದವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಚಿತ್ರ ತೆರೆದರೆ ‘ಕನ್ನಡ’ ಇರಬೇಕಾದ ಕಡೆ `PÀ£ÀßqÀ` ಎಂದಿರುತ್ತದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟು ಪಿಡಿಎಫ್‌ನೊಳಗೆ ಸೇರದಿದ್ದರೆ, ಅದಿಲ್ಲದ ಕಂಪ್ಯೂಟರ್ ಬೇರೊಂದು ಫಾಂಟಿನಿಂದ ಆ ಇಂಗ್ಲಿಷನ್ನೇ ಬರೆದುಬಿಡುತ್ತದೆ. `pdffonts ahvana.pdf` ಎಂದು ಕೊಟ್ಟು `emb` ಕಾಲಂ ನೋಡಿ. `no` ಎಂದಿದ್ದರೆ ಡಿಟಿಪಿಯವರಿಗೆ ಫೋನು ಮಾಡಿ, ಫಾಂಟು ಸೇರಿಸಿ ಇಲ್ಲವೇ ಅಕ್ಷರಗಳನ್ನು ಕರ್ವ್ ಮಾಡಿ ಕೊಡಿ ಅನ್ನಿ.

ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆಯದೇ ಜಗಳ. ಅಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಉದ್ದದ ಅಳತೆ 1080ಕ್ಕೆ 1350. ಎ4 ಅದಕ್ಕಿಂತ ಸಪೂರ. ಹಾಗೇ ಹಾಕಿದರೆ ಮೇಲೋ ಕೆಳಗೋ ಕತ್ತರಿ ಬೀಳುತ್ತದೆ, ಅತಿಥಿಗಳ ಹೆಸರು ಹೋದರೂ ಹೋಯಿತು. ಎತ್ತರವನ್ನು 1350ಕ್ಕೆ ನಿಲ್ಲಿಸಿದರೆ ಪುಟದ ಅಗಲ 955ರಷ್ಟಾಗುತ್ತದೆ, ಉಳಿದ ಜಾಗಕ್ಕೆ ಎರಡೂ ಬದಿ ಹಳದಿ ಪಟ್ಟಿ ತುಂಬಬಹುದು:

```
pdftoppm -png -scale-to-x -1 -scale-to-y 1350 ahvana.pdf insta
```

ಹೀಗೆ ಮಾಡಿದರೂ 21 ಸೆಂಟಿಮೀಟರ್ ಅಗಲದ ಪುಟ ಫೋನಿನಲ್ಲಿ ಆರು ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಹತ್ತು ಪಾಯಿಂಟ್ ಅಕ್ಷರ ಮೂರು ಪಾಯಿಂಟ್‌ಗೆ ಕುಗ್ಗುತ್ತದೆ. ಇಂಥ ಕಡೆ ಪೂರ್ತಿ ಪುಟದ ಹಟ ಬಿಟ್ಟು ದಿನಾಂಕ, ಸ್ಥಳ, ಮುಖ್ಯ ಅತಿಥಿ ಇರುವ ಭಾಗವನ್ನಷ್ಟೇ 300 ಡಿಪಿಐ ಚಿತ್ರದಿಂದ ಕತ್ತರಿಸಿ ಹಾಕುವುದೇ ವಾಸಿ. ವಾಟ್ಸಾಪ್ ಗ್ರೂಪಿಗಾದರೆ ಫೋಟೋ ಎಂದು ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಸೇರಿಸಿದರೆ ಒಂದು ಪಿಕ್ಸೆಲ್ ಕೂಡ ಕಳೆಯದೆ ತಲುಪುತ್ತದೆ.