ಹತ್ತು ಷೇರು ನೂರಾದಾಗ ಲೆಕ್ಕ ನೋಡುವುದು ಹೇಗೆ?

2025ರ ಜೂನ್ 16ರಂದು ಬಜಾಜ್ ಫೈನಾನ್ಸ್ ಷೇರಿನ ದರ ಒಂಬತ್ತು ಸಾವಿರದಿಂದ ಒಂಬೈನೂರರ ಆಸುಪಾಸಿಗೆ ಇಳಿಯಿತು. ಕಂಪನಿಗೆ ಏನೂ ಆಗಿರಲಿಲ್ಲ. ಅದು ಒಟ್ಟೊಟ್ಟಿಗೆ ಎರಡು ಕೆಲಸ ಮಾಡಿತ್ತು: 2 ರೂಪಾಯಿ ಮುಖಬೆಲೆಯ ಷೇರನ್ನು 1 ರೂಪಾಯಿಯ ಎರಡು ಷೇರುಗಳಾಗಿ ಒಡೆದು, ಹಾಗೆ ಒಡೆದ ಪ್ರತಿ ಷೇರಿಗೂ ನಾಲ್ಕು ಬೋನಸ್ ಷೇರು ಕೊಟ್ಟಿತ್ತು. ಒಂದು ಷೇರು ಎರಡಾಯಿತು, ಅದಕ್ಕೆ ಎಂಟು ಸೇರಿ ಹತ್ತಾಯಿತು. ‘4:1 ಬೋನಸ್’ ಎಂದರೆ ಒಟ್ಟು ನಾಲ್ಕಲ್ಲ, ಇದ್ದ ಒಂದರ ಜೊತೆಗೆ ನಾಲ್ಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

2023ರಲ್ಲಿ ಒಬ್ಬರು 7,000 ರೂಪಾಯಿಯಂತೆ 10 ಷೇರು ಕೊಂಡಿದ್ದರು ಎಂದುಕೊಳ್ಳೋಣ. ಹೂಡಿಕೆ 70,000. ಈಗ ಅವರ ಪಟ್ಟಿಯಲ್ಲಿ 100 ಷೇರು, ಸರಾಸರಿ ದರ 700 ಇರಬೇಕು. ಷೇರಿನ ಸಂಖ್ಯೆಯನ್ನು ಸರಾಸರಿ ದರದಿಂದ ಗುಣಿಸಿದರೆ ಹಳೆಯ 70,000 ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ.

ದರ ಇಳಿದ ದಿನವೇ ಹೊಸ ಷೇರು ಖಾತೆಗೆ ಬಂದಿರುವುದಿಲ್ಲ. ಆ ಒಂದೆರಡು ದಿನ ಆ್ಯಪ್‌ನಲ್ಲಿ ಹಳೆಯ 10 ಷೇರು, ಹಳೆಯ 7,000 ದರ ಮತ್ತು ಭಾರಿ ನಷ್ಟ ಕಾಣಿಸಬಹುದು. ಗಾಬರಿಯಿಂದ ಮಾರಬೇಕಿಲ್ಲ. ಷೇರು ಬಂದ ಮೇಲೂ ಸರಾಸರಿ ಬದಲಾಗದಿದ್ದರೆ ಮಾತ್ರ ಬ್ರೋಕರ್‌ಗೆ ತಿಳಿಸಬೇಕು. ಬೇರೆ ಬ್ರೋಕರ್‌ನಿಂದ ವರ್ಗಾಯಿಸಿಕೊಂಡ ಷೇರುಗಳಲ್ಲಿ ಈ ತೊಂದರೆ ಸಾಮಾನ್ಯ, ಏಕೆಂದರೆ ಖರೀದಿ ದರ ಷೇರಿನ ಜೊತೆಗೆ ತಾನಾಗಿ ಬರುವುದಿಲ್ಲ. ಸಂಖ್ಯೆಗೆ ಡಿಮ್ಯಾಟ್ ಖಾತೆಯ ಸ್ಟೇಟ್‌ಮೆಂಟೇ ಆಧಾರ. ಮುಖಬೆಲೆ ಒಡೆದಾಗ ಷೇರಿನ ಐಎಸ್‌ಐಎನ್ ಸಂಖ್ಯೆಯೂ ಬದಲಾಗುವುದರಿಂದ, ಅಲ್ಲಿ ಹಳೆಯದು ಹೊರಹೋಗಿ ಹೊಸದು ಒಳಬಂದಂತೆ ತೋರುತ್ತದೆ. ಅದು ಮಾರಾಟವಲ್ಲ.

ತೆರಿಗೆಯ ಲೆಕ್ಕ ಮಾತ್ರ ಬೇರೆಯೇ ದಾರಿ ಹಿಡಿಯುತ್ತದೆ. ಒಡೆದ 20 ಷೇರಿಗೆ ಖರೀದಿ ದರ ತಲಾ 3,500, ಖರೀದಿ ದಿನ 2023ರದ್ದೇ. ಬೋನಸ್ ಆಗಿ ಬಂದ 80ಕ್ಕೆ ಖರೀದಿ ದರ ಸೊನ್ನೆ, ದಿನವೂ ಅವು ಹಂಚಿಕೆಯಾದ ದಿನ. ಅವರು 900ರಂತೆ 50 ಷೇರು ಮಾರಿದರು ಎನ್ನಿ. 700ರ ಸರಾಸರಿ ನಂಬಿದರೆ 10,000 ರೂಪಾಯಿ ಲಾಭ. ಆದರೆ ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದು ಮೊದಲು ಮಾರಾಟವಾದಂತೆ ಲೆಕ್ಕ. ಹಳೆಯ 20 ಮತ್ತು ಬೋನಸ್‌ನ 30 ಹೋಗುತ್ತವೆ. ಬಂದದ್ದು 45,000, ಖರೀದಿ ವೆಚ್ಚ 70,000. ಒಟ್ಟಾರೆ 25,000 ನಷ್ಟ. ಉಳಿದ 50 ಷೇರನ್ನು ಮುಂದೆ ಮಾರಿದಾಗ ಬರುವ ಹಣವೆಲ್ಲ ಲಾಭ.

ಆದ್ದರಿಂದ ರಿಟರ್ನ್ ಸಲ್ಲಿಸುವಾಗ ಹೋಲ್ಡಿಂಗ್ಸ್ ಪುಟದ ಸರಾಸರಿಯನ್ನು ಎತ್ತಿ ಬರೆಯಬೇಡಿ; ಬ್ರೋಕರ್ ಕೊಡುವ ತೆರಿಗೆ ವರದಿಯಲ್ಲಿ ಬೋನಸ್ ಷೇರಿನ ಎದುರು ಸೊನ್ನೆ ಇದೆಯೇ ನೋಡಿಕೊಳ್ಳಿ.